ತೋಟದಲ್ಲಿ ಬಿದ್ದ ಕೀ, ಮೂರು ಟ್ಯಾಗು, ರೈಟರಣ್ಣನ ಫೋನು

ನನ್ನ ಕೀ ಗೊಂಚಲಿನಲ್ಲಿ ಐದು ಕೀ ಇವೆ. ಜೀಪು, ಗೇಟು, ಗೋದಾಮು, ಪಂಪ್‌ಶೆಡ್, ಮನೆ. ಸುಂಟಿಕೊಪ್ಪದ ಹತ್ತಿರ ನಮ್ಮದು ಸಣ್ಣ ರೊಬಸ್ಟಾ ತೋಟ. ಕಳೆದ ವರ್ಷ ಎರಡು ಸಲ ಕೀ ಕಳೆದುಕೊಂಡು, ಎರಡು ಸಲವೂ ಗೋದಾಮಿನ ಬೀಗ ಒಡೆಸಿದ ಮೇಲೆ ಹೆಂಡತಿ ಖಡಾಖಂಡಿತ ಹೇಳಿದಳು, ಕಳೆದರೆ ಫೋನಿನಿಂದ ಹುಡುಕಬಹುದಾದ ಟ್ಯಾಗ್ ಹಾಕಿ ಅಂತ. ಅವಳದ್ದು ಐಫೋನ್, ನನ್ನದು ಆಂಡ್ರಾಯ್ಡ್. ಯಾವುದು ಒಳ್ಳೆಯದು ಅಂತ ಜಗಳ ಆಗಿ, ಕೊನೆಗೆ ಒಂದೇ ಗೊಂಚಲಿಗೆ ಮೂರು ಟ್ಯಾಗ್ ಕಟ್ಟಿ ಒಂದು ತಿಂಗಳು ನೋಡಿದೆವು.

ಒಂದು ಆಪಲ್ ಜಾಲಕ್ಕೆ ಸೇರುವ ಏರ್‌ಟ್ಯಾಗ್, ಅದು ಅವಳ ಫೋನಿಗೆ. ಇನ್ನೊಂದು ಗೂಗಲ್ ಜಾಲದ್ದು, ನನ್ನ ಫೋನಿಗೆ. ಮೂರನೆಯದು ಅಗ್ಗದ್ದು, ತನ್ನದೇ ಆ್ಯಪ್ ಇರುವುದು.

ಮೂರನೆಯದರ ಕಥೆ ಬೇಗ ಮುಗಿಸುತ್ತೇನೆ. ಅದನ್ನು ಹುಡುಕಿಕೊಡುವುದು ನಮ್ಮ ಫೋನು, ಇಲ್ಲಾಂದ್ರೆ ಅದೇ ಆ್ಯಪ್ ಇರುವ ಬೇರೆಯವರ ಫೋನು. ಆ ಆ್ಯಪ್ ನಮ್ಮೂರಲ್ಲಿ ಇನ್ಯಾರ ಹತ್ತಿರ ಇರುತ್ತದೆ ಹೇಳಿ? ಹಾಗಾಗಿ ಅದು ತೋರಿಸುವುದು ಒಂದೇ, ನನ್ನ ಫೋನಿಗೂ ಕೀಗೂ ಸಂಪರ್ಕ ತಪ್ಪಿದ ಜಾಗ. ಮನೆಯೊಳಗೆ ಸೋಫಾ ಸಂದಿಯಲ್ಲಿ ಬಿದ್ದರೆ ಅಷ್ಟು ಸಾಕು.

ಉಳಿದೆರಡರಲ್ಲೂ ಜಿಪಿಎಸ್ ಇಲ್ಲ. ಟ್ಯಾಗಿಗೆ ತಾನು ಎಲ್ಲಿದ್ದೇನೆ ಅಂತ ಗೊತ್ತೇ ಇರುವುದಿಲ್ಲ. ಅದು ಬ್ಲೂಟೂತ್‌ನಲ್ಲಿ ಆಗಾಗ ಒಂದು ಗುರುತು ಕೂಗುತ್ತಾ ಇರುತ್ತದೆ, ಅಷ್ಟೇ. ಹತ್ತಿರ ಹೋಗುವ ಯಾರದೋ ಫೋನು ಆ ಕೂಗು ಕೇಳಿಸಿಕೊಂಡು, ತಾನು ಆಗ ಇದ್ದ ಜಾಗವನ್ನು ಬೀಗ ಹಾಕಿದ ಚೀಟಿಯ ಹಾಗೆ ಕಂಪನಿಯ ಸರ್ವರ್‌ಗೆ ಕಳಿಸುತ್ತದೆ. ಆ ಬೀಗ ತೆಗೆಯುವುದು ಟ್ಯಾಗಿನ ಯಜಮಾನನ ಫೋನಿಗೆ ಮಾತ್ರ ಸಾಧ್ಯ. ದಾರಿಹೋಕನಿಗೆ ಇದೆಲ್ಲ ಗೊತ್ತೂ ಆಗುವುದಿಲ್ಲ. ಅಂದರೆ ಮ್ಯಾಪಿನಲ್ಲಿ ಕಾಣುವ ಚುಕ್ಕಿ ಕೀ ಇರುವ ಜಾಗ ಅಲ್ಲ, ಆ ಫೋನು ಇದ್ದ ಜಾಗ. ಇದು ತಲೆಯಲ್ಲಿ ಇರದಿದ್ದರೆ ಸುಮ್ನೆ ರಸ್ತೆ ಮಧ್ಯ ನಿಂತು ಹುಡುಕುತ್ತೀರಿ. ನಾನು ಹುಡುಕಿದ್ದೇನೆ.

ಮೊದಲ ಪರೀಕ್ಷೆ ಮಡಿಕೇರಿಯಲ್ಲಿ. ಶುಕ್ರವಾರ ಸಂತೆಯ ದಿನ, ಬಸ್‌ಸ್ಟ್ಯಾಂಡ್ ಹತ್ತಿರ ಪರಿಚಯದವರ ಅಂಗಡಿಯ ಗಲ್ಲಾದಲ್ಲಿ ಗೊಂಚಲು ಇಟ್ಟು ಇಬ್ಬರೂ ವಾಪಸ್ ಬಂದೆವು. ಮನೆ ಸೇರುವ ಹೊತ್ತಿಗೆ ಎರಡೂ ಟ್ಯಾಗು ಅಂಗಡಿಯ ಸಾಲಿನಲ್ಲೇ ಚುಕ್ಕಿ ತೋರಿಸುತ್ತಿದ್ದವು. ಅವಳದ್ದು ಸ್ವಲ್ಪ ಜಾಸ್ತಿ ಬೇಗ ಬೇಗ ಹೊಸದಾಗುತ್ತಿತ್ತು. ಪ್ರವಾಸಿಗರು ತುಂಬಿದ ಊರು, ಐಫೋನಿಗೇನು ಕಮ್ಮಿ?

ಎರಡನೆಯದು ತೋಟದಲ್ಲಿ. ಕಾಲುದಾರಿ ಪಕ್ಕದ ಬೇಲಿ ಕಂಬಕ್ಕೆ ಗೊಂಚಲು ನೇತುಹಾಕಿ, ನಮ್ಮಿಬ್ಬರ ಫೋನೂ ತೆಗೆದುಕೊಂಡು ಕುಶಾಲನಗರಕ್ಕೆ ಹೋದೆವು. ನಮ್ಮ ಫೋನು ಅಲ್ಲೇ ಇದ್ದರೆ ಅದೇ ಜಾಗ ಹೇಳಿಬಿಡುತ್ತದೆ, ಆಗ ಪರೀಕ್ಷೆ ಎಲ್ಲಿ ಆಯ್ತು? ಆ ದಾರಿಯಲ್ಲಿ ಓಡಾಡಿದವರು ಮೂವರು. ಇಬ್ಬರದ್ದು ಬಟನ್ ಫೋನು. ತೋಟದ ಲೆಕ್ಕ ಬರೆಯುವ ರೈಟರಣ್ಣನದ್ದು ಮಾತ್ರ ಆಂಡ್ರಾಯ್ಡ್, ಬ್ಲೂಟೂತ್, ಲೊಕೇಷನ್, ಡೇಟಾ ಎಲ್ಲಾ ಆನ್. ಐಫೋನ್ ಯಾರದ್ದೂ ಇಲ್ಲ, ಹಾಗಾಗಿ ಅವಳ ಟ್ಯಾಗು ಸುಮ್ಮನಿರುವುದು ಸರಿಯೇ. ಆದರೆ ರೈಟರಣ್ಣ ಕಂಬದ ಪಕ್ಕ ಆರು ಸಲವಾದರೂ ಹೋಗಿದ್ದಾರೆ. ಸಂಜೆಯಾದರೂ ನನ್ನ ಟ್ಯಾಗು ತೋರಿಸುತ್ತಿದ್ದದ್ದು ಬೆಳಗ್ಗಿನ ಹೊತ್ತು, ನಾವು ಹೊರಟಾಗಿನದ್ದು.

ಕಾರಣ ಸೆಟ್ಟಿಂಗ್‌ನಲ್ಲಿತ್ತು. ಆಪಲ್ ಜಾಲದಲ್ಲಿ ಒಂದೇ ಒಂದು ಫೋನು ಕೇಳಿಸಿಕೊಂಡರೂ ಜಾಗ ಬರುತ್ತದೆ. ಗೂಗಲ್ ಜಾಲದಲ್ಲಿ ಆಂಡ್ರಾಯ್ಡ್ ಫೋನುಗಳು ಮೊದಲಿಂದಲೇ "With network in high-traffic areas only" ಅನ್ನುವುದರಲ್ಲಿ ಇರುತ್ತವೆ. ಅಂದರೆ ಹಲವು ಫೋನುಗಳು ಅದೇ ಟ್ಯಾಗನ್ನು ಕಂಡ ಮೇಲೆ, ಎಲ್ಲವನ್ನೂ ಕೂಡಿಸಿ ಜಾಗ ತೋರಿಸುತ್ತದೆ. ಇದು ದೋಷ ಅಲ್ಲ, ಬೇಕಂತಲೇ ಇಟ್ಟ ನಿಯಮ. ಒಬ್ಬನೇ ಮನುಷ್ಯ ಓಡಾಡುವ ಕಡೆ ಅವನ ಫೋನಿನಿಂದ ಅವನ ಜಾಗವೇ ಬಯಲಾಗಬಾರದು ಅಲ್ವಾ. ಬಸ್‌ಸ್ಟ್ಯಾಂಡಿಗೆ ಸರಿ. ಕಾಫಿ ತೋಟದಲ್ಲಿ "ಹಲವು ಫೋನು" ಎಲ್ಲಿಂದ ಬರಬೇಕು?

ಸೆಟ್ಟಿಂಗ್ಸ್‌ಗೆ ಹೋಗಿ ಗೂಗಲ್, ಅದರೊಳಗೆ Find Hub, ಅದರಲ್ಲಿ "Find your offline devices" ತೆರೆದರೆ "With network in all areas" ಅಂತ ಕೊನೆಯ ಆಯ್ಕೆ ಇದೆ. ಅದನ್ನು ಒತ್ತಿದರೆ ಆ ಫೋನು ಒಂಟಿಯಾಗಿದ್ದರೂ ಸುದ್ದಿ ಕೊಡುತ್ತದೆ. ಗಮನಿಸಿ, ನನ್ನ ಫೋನಿನಲ್ಲಿ ಮಾತ್ರ ಬದಲಿಸಿದರೆ ಸಾಲದು. ಸುದ್ದಿ ಕೊಡಬೇಕಾದದ್ದು ಓಡಾಡುವವರ ಫೋನು. ರೈಟರಣ್ಣನಿಗೆ ವಿಷಯ ಹೇಳಿದೆ. "ನನ್ನ ಜಾಗ ನಿಮಗೆ ಕಾಣ್ತದಾ?" ಅಂತ ಕೇಳಿದರು. ಕೀ ಹತ್ತಿರ ಯಾವುದೋ ಫೋನು ಇತ್ತು ಅನ್ನುವುದು ಕಾಣುತ್ತದೆ, ಯಾರದ್ದು ಅಂತ ಬರುವುದಿಲ್ಲ, ಆದರೆ ತೋಟದಲ್ಲಿ ಫೋನು ಇರುವುದೇ ನಿಮ್ಮದು, ಹಾಗಾಗಿ ಗೊತ್ತಾದ ಹಾಗೇ ಲೆಕ್ಕ ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ. ನಕ್ಕು ಒಪ್ಪಿದರು. ಇನ್ನೊಂದು ಮಾತು: ಗೂಗಲ್ ಖಾತೆಯಲ್ಲಿ ಮನೆ ವಿಳಾಸ ಸೇವ್ ಮಾಡಿಟ್ಟಿದ್ದರೆ, ಆ ಮನೆಯ ಸುತ್ತಮುತ್ತ ಆ ಫೋನು ಬೇರೆಯವರ ಟ್ಯಾಗಿನ ಸುದ್ದಿ ಕೊಡುವುದಿಲ್ಲ. ಕೀ ಗೆಳೆಯನ ಮನೆಯಲ್ಲಿ ಮರೆತು ಬಂದಾಗ ಜಾಲ ಮೌನವಾದರೆ ಇದೂ ಒಂದು ಕಾರಣ ಇರಬಹುದು.

ಆಮೇಲೆ ನಿಜವಾಗಿಯೂ ಕೀ ಕಳೆಯಿತು. ಜನವರಿ, ಹಣ್ಣು ಕುಯ್ಯುವ ಸಮಯ. ಮಧ್ಯಾಹ್ನ ಮೂಟೆ ತೂಕ ಹಾಕಿಸಿ ಜೀಪಿಗೆ ಏರಿಸಿ, ಸಂಜೆ ಗೇಟ್ ಹತ್ತಿರ ಜೇಬು ಮುಟ್ಟಿದರೆ ಖಾಲಿ. ಜೀಪು ಓಡಿಸಿದ್ದು ಡ್ರೈವರ್, ಅವನ ಹತ್ತಿರ ಬೇರೆ ಕೀ ಇತ್ತು, ಹಾಗಾಗಿ ಎಷ್ಟೊತ್ತಿಗೆ ಹೋಯಿತು ಅಂತಲೇ ಗೊತ್ತಿಲ್ಲ. ಅಗ್ಗದ ಟ್ಯಾಗು ಹೇಳಿತು: 3.40ಕ್ಕೆ, ತೂಕ ಹಾಕುವ ಜಾಗ. ಹೆಂಡತಿಯದ್ದು ಹೇಳಿತು: ಬೆಳಗ್ಗೆ, ಮನೆ. ಗೂಗಲ್ ಜಾಲದ್ದು ಹೇಳಿತು: 5.10ಕ್ಕೆ, ಕಣ.

5.10ಕ್ಕೆ ಕಣದಲ್ಲಿ ಇದ್ದದ್ದು ರೈಟರಣ್ಣ, ಮೂಟೆ ಸುರಿಸುತ್ತಾ. ಅಂದರೆ ಕೀ ಮೂಟೆಯೊಳಗೆ ಬಿದ್ದು ಹಣ್ಣಿನ ಜೊತೆಗೇ ಬಂದಿದೆ! ಕಣಕ್ಕೆ ಓಡಿದೆ. ಮೊಣಕಾಲೆತ್ತರ ರಾಶಿ, ಕತ್ತಲಾಗುತ್ತಿದೆ. ಸೌಂಡ್ ಒತ್ತಿದರೆ ಕನೆಕ್ಟ್ ಆಗುತ್ತಿಲ್ಲ ಅಂತ ಬರುತ್ತಿದೆ. ಬಯಲಿನಲ್ಲಿ ಮೂವತ್ತು ಹೆಜ್ಜೆ ದೂರದಿಂದ ಸಿಗುವ ಟ್ಯಾಗು ಇಲ್ಲಿ ಪಕ್ಕ ನಿಂತರೂ ಸಿಗುತ್ತಿಲ್ಲ, ಯಾಕಂದರೆ ಹಸಿ ಹಣ್ಣಿನ ತುಂಬಾ ನೀರು, ನೀರು ಬ್ಲೂಟೂತ್ ಅಲೆಯನ್ನು ಹೀರಿಬಿಡುತ್ತದೆ. ಫೋನನ್ನು ರಾಶಿಗೆ ಹೆಚ್ಚುಕಮ್ಮಿ ತಾಗಿಸಿ ಸುತ್ತು ಹಾಕಿದೆ. ಆ್ಯಪಿನಲ್ಲಿ ಹತ್ತಿರ ಹೋದ ಹಾಗೆ ತುಂಬುವ ಒಂದು ಆಕಾರ ಇದೆ, ಅದು ಮೂರನೇ ಮೂಲೆಯಲ್ಲಿ ತುಂಬಲು ಶುರುವಾಯಿತು. ಅಲ್ಲಿ ಹಣ್ಣು ಸರಿಸಿ ಮತ್ತೆ ಒತ್ತಿದೆ. "ಅಣ್ಣಾ, ಒಳಗೆ ಏನೋ ಪಿಪೀ ಅಂತಿದೆ" ಅಂತ ಹುಡುಗನೊಬ್ಬ ಕೂಗಿದ. ಒಂದು ಗೇಣು ಆಳದಲ್ಲಿತ್ತು, ಸಿಹಿ ಅಂಟಿನಲ್ಲಿ ಮುಳುಗಿ.

ಹೆಂಡತಿ ಸುಮ್ಮನಿರುವವಳಲ್ಲ. ಅವಳ ಮಾತೂ ಸರಿಯೇ. ಕೊನೆಯ ಹತ್ತು ಮೀಟರಿನಲ್ಲಿ ಐಫೋನ್ 11 ಮತ್ತು ಅದರ ನಂತರದ ಬಹುತೇಕ ಫೋನುಗಳು ಏರ್‌ಟ್ಯಾಗ್ ಎಷ್ಟು ದೂರ, ಯಾವ ಕಡೆ ಅಂತ ಬಾಣ ಹಾಕಿ ತೋರಿಸುತ್ತವೆ, ನನ್ನ ಟ್ಯಾಗಿನಲ್ಲಿ ಆ ಬಾಣ ಇಲ್ಲ. ಅಷ್ಟು ಹಸಿ ಹಣ್ಣಿನಡಿಯಿಂದ ಬಾಣ ಕೆಲಸ ಮಾಡುತ್ತಿತ್ತಾ ಅನ್ನುವುದು ಬೇರೆ ಮಾತು. ಮಡಿಕೇರಿಗೆ, ಬೆಂಗಳೂರಿಗೆ ಜಾಸ್ತಿ ಓಡಾಡುವವರು, ಐಫೋನ್ ಇದ್ದರೆ, ಅವಳದ್ದೇ ತೆಗೆದುಕೊಳ್ಳಿ. ತೋಟದೊಳಗೇ ಕೀ ಬೀಳಿಸುವ ನನ್ನಂಥವರಿಗೆ ಗೂಗಲ್ ಜಾಲದ್ದು, ಆದರೆ ದಿನಾ ಜೊತೆಗೆ ಓಡಾಡುವ ಎರಡು ಮೂರು ಫೋನಿನಲ್ಲಿ, ಅವರನ್ನು ಕೇಳಿ ಒಪ್ಪಿಸಿ, ಆ ಸೆಟ್ಟಿಂಗ್ ಬದಲಿಸಿದ ಮೇಲೆ ಮಾತ್ರ. ಬದಲಿಸದಿದ್ದರೆ ಆ ಸಂಜೆ ನನ್ನದೂ ಅಗ್ಗದ್ದರ ಹಾಗೆ "3.40ಕ್ಕೆ, ತೂಕ ಹಾಕುವ ಜಾಗ" ಅಂತಲೇ ಹೇಳುತ್ತಿತ್ತು.

ಅಗ್ಗದ ಟ್ಯಾಗು ಈಗ ಟಿವಿ ರಿಮೋಟಿನ ಬೆನ್ನಿಗೆ ಅಂಟಿಕೊಂಡಿದೆ.