4/7, 1.60, -170: ಮೂರರಲ್ಲಿ ಹೆಚ್ಚು ಕೊಡುವ ಆಡ್ಸ್ ಯಾವುದು?

ಒಂದೇ ಪಂದ್ಯ, ಒಂದೇ ತಂಡದ ಗೆಲುವು. ಬಾಜಿ ಕಟ್ಟಿ ಗೆದ್ದರೆ ಎಷ್ಟು ಸಿಗುತ್ತದೆಂದು ಹೇಳುವ ಅಂಕಿಯೇ ಆಡ್ಸ್. ಬಾಜಿ ತೆಗೆದುಕೊಳ್ಳುವವರಲ್ಲಿ ಒಬ್ಬರು 4/7 ಎನ್ನುತ್ತಾರೆ, ಇನ್ನೊಬ್ಬರು 1.60, ಮತ್ತೊಬ್ಬರು -170. ಹಾಗೇ ನೋಡಿದರೆ ಯಾವುದು ಹೆಚ್ಚು ಕೊಡುತ್ತದೆಂದು ಗೊತ್ತಾಗದು. ಮೂರನ್ನೂ ದಶಮಾಂಶಕ್ಕೆ ತಂದು ಹೋಲಿಸುವುದೇ ಸುಲಭ, ಏಕೆಂದರೆ ಕಟ್ಟಿದ ಮೊತ್ತವೂ ಸೇರಿ ಕೈಗೆ ಬರುವ ಹಣವನ್ನು ನೇರವಾಗಿ ಹೇಳುವುದು ದಶಮಾಂಶ ಒಂದೇ.

ಬ್ರಿಟನ್ನಿನ ಕುದುರೆ ಪಂದ್ಯಗಳಲ್ಲಿ ಇಂದಿಗೂ ಕಾಣುವ ಭಿನ್ನರಾಶಿ ಲಾಭವನ್ನಷ್ಟೇ ಹೇಳುತ್ತದೆ: 7 ಕಟ್ಟಿದರೆ 4 ಲಾಭ. 4 ಅನ್ನು 7ರಿಂದ ಭಾಗಿಸಿ 1 ಕೂಡಿಸಿದರೆ 1.571. ಹೆಚ್ಚಿನವರು ಎಡವುವುದು ಈ 1 ಕೂಡಿಸುವುದನ್ನು ಮರೆತೇ. ಗೆಲ್ಲುವ ನೆಚ್ಚಿನ ತಂಡಕ್ಕೆ 1ಕ್ಕಿಂತ ಕಡಿಮೆ ದಶಮಾಂಶ ಬಂತೆಂದರೆ ತಪ್ಪು ಅಲ್ಲೇ ಆಗಿದೆ. ಈ ಆಡ್ಸ್ ಸೂಚಿಸುವ ಗೆಲುವಿನ ಸಂಭವನೀಯತೆಗೆ ಕೆಳಗಿನ ಅಂಕಿಯನ್ನು ಎರಡರ ಮೊತ್ತದಿಂದ ಭಾಗಿಸಿ: 7/11, ಅಂದರೆ 63.6%.

ಅಮೆರಿಕದ ಮನಿಲೈನ್‌ನಲ್ಲಿ ಚಿಹ್ನೆ ನೋಡದೆ ಮುಂದೆ ಹೋಗುವಂತಿಲ್ಲ. -170 ಅಂದರೆ 100 ಲಾಭಕ್ಕೆ 170 ಕಟ್ಟಬೇಕು. 100/170 + 1 = 1.588, ಸಂಭವನೀಯತೆ 170/270, ಅಂದರೆ 63.0%. ಅದೇ +170 ಆಗಿದ್ದರೆ 100 ಕಟ್ಟಿದ್ದಕ್ಕೆ 170 ಲಾಭ: ದಶಮಾಂಶ 2.70, ಸಂಭವನೀಯತೆ 37.0%. ಚಿಹ್ನೆ ಅದಲುಬದಲಾದರೆ ನೆಚ್ಚಿನ ತಂಡವೇ ದುರ್ಬಲ ತಂಡವಾಗಿಬಿಡುತ್ತದೆ.

1.60ಕ್ಕೆ ಮಾಡುವುದು ಇಷ್ಟೇ: 1/1.60 = 62.5%. ಮೂರರಲ್ಲಿ ಹೆಚ್ಚು ಕೊಡುವುದು ಇದೇ. 4/7 ಎಲ್ಲಕ್ಕಿಂತ ಹಿಂದೆ. ಸೂಚಿತ ಸಂಭವನೀಯತೆ ಕಡಿಮೆಯಾದಷ್ಟೂ ಗೆದ್ದವರಿಗೆ ಬರುವ ಹಣ ಹೆಚ್ಚು ಎಂಬುದನ್ನು ನೆನಪಿಡಿ. ಶೇಕಡಾ ದೊಡ್ಡದಿದ್ದರೆ ಒಳ್ಳೆಯ ಆಡ್ಸ್ ಎಂದುಕೊಂಡು ತಲೆಕೆಳಗಾಗಿ ಓದುವುದು ಸಾಮಾನ್ಯ.

ದಶಮಾಂಶದಿಂದ ಹಿಂದಕ್ಕೆ ಹೋಗುವಾಗ 1 ಕಳೆಯಿರಿ. 1.60ರಲ್ಲಿ ಉಳಿಯುವ 0.60 ಎಂದರೆ 3/5. ಮನಿಲೈನ್ ಬೇಕಾದರೆ, ಉಳಿದದ್ದು 1ಕ್ಕಿಂತ ಕಡಿಮೆ ಇರುವುದರಿಂದ 100 ಅನ್ನು 0.60ರಿಂದ ಭಾಗಿಸಿ ಋಣ ಚಿಹ್ನೆ ಹಾಕಿ: ಸುಮಾರು -167. ಉಳಿದದ್ದು 1 ಅಥವಾ ಹೆಚ್ಚಿದ್ದರೆ 100ರಿಂದ ಗುಣಿಸಿ ಧನ ಚಿಹ್ನೆ. ಪರದೆಯ ಮೇಲೆ 1.57 ಎಂದು ಕಂಡದ್ದನ್ನು ಮಾತ್ರ ಹೀಗೆ ತಿರುಗಿಸಬೇಡಿ: ಅದು 57/100 ಆಗುತ್ತದೆ, ಮೂಲದ 4/7 ಸಿಗುವುದಿಲ್ಲ. ಪರಿವರ್ತನೆ ಮುಗಿಯುವವರೆಗೆ ದುಂಡಾಗಿಸದೇ ಇಟ್ಟುಕೊಳ್ಳುವುದು ಇದಕ್ಕೇ.

ಈ 62.5% ತಂಡದ ನಿಜವಾದ ಅವಕಾಶ ಎಂದು ಮಾತ್ರ ತಿಳಿಯಬಾರದು. ಡ್ರಾ ಇಲ್ಲದ ಈ ಪಂದ್ಯದಲ್ಲಿ, 1.60 ಕೊಟ್ಟವರೇ ಎದುರಾಳಿಗೆ 2.40 ಕೊಟ್ಟಿದ್ದಾರೆ ಎನ್ನಿ. ಅದು 41.67%. ಎರಡೂ ಸೇರಿ 104.17%; 100 ಮೀರಿದ ಆ 4.17 ಆಡ್ಸ್ ಕೊಡುವವರು ಇಟ್ಟುಕೊಂಡ ಅಂಚು. 62.5 ಅನ್ನು 104.17ರಿಂದ ಭಾಗಿಸಿದರೆ 60% ಉಳಿಯುತ್ತದೆ. ಅಂಚನ್ನು ಎರಡೂ ಕಡೆಗೆ ಒಂದೇ ಅನುಪಾತದಲ್ಲಿ ಹಂಚಿದ್ದಾರೆಂದು ಭಾವಿಸಿದ ಲೆಕ್ಕವಿದು. ದುರ್ಬಲ ತಂಡದ ಮೇಲೆ ಹೆಚ್ಚು ಹೇರಿದ್ದರೆ ನೆಚ್ಚಿನ ತಂಡದ ಪಾಲು 60ಕ್ಕಿಂತ ತುಸು ಮೇಲಿರುತ್ತದೆ.