ಪೇಸ್ಟ್ ಮಾಡಿದ ಟೇಬಲ್ ಜಾರಿದೆಯಾ ಅಂತ ಹಿಡಿಯೋಕೆ ನಾಲ್ಕು ಚೆಕ್ ಹಾಕಿ ನೋಡಿದೆ

ನಮ್ಮೂರ ಹಾಲಿನ ಡೇರಿ ಲೆಕ್ಕ ಹತ್ತು ದಿನಕ್ಕೊಂದ್ಸಲ ನನ್ನ ಹತ್ರ ಬರುತ್ತೆ, ಸೆಕ್ರೆಟರಿ ಪಿಡಿಎಫ್ ಕಳಿಸ್ತಾರೆ, ನಾನು ಅದನ್ನ ಕಾಪಿ ಮಾಡಿ ಎಕ್ಸೆಲ್‌ಗೆ ಪೇಸ್ಟ್ ಮಾಡಿ ಬಟವಾಡೆ ಸ್ಲಿಪ್ ತೆಗೀತೀನಿ. ಬೆಳಿಗ್ಗೆ ಹಾಲಿಗೂ ಸಂಜೆ ಹಾಲಿಗೂ ಫ್ಯಾಟ್ ಬೇರೆ ಬರೋದ್ರಿಂದ ಎರಡನ್ನೂ ಬೇರೆ ಬೇರೆ ರೇಟಲ್ಲಿ ಗುಣಿಸಬೇಕು, ಹಾಗಾಗಿ ಒಟ್ಟು ಲೀಟರ್ ಸರಿ ಇದ್ರೆ ಸಾಕು ಅನ್ನೋ ಹಾಗಿಲ್ಲ. ಒಂದ್ಸಲ ಸ್ಲಿಪ್ ಕೈಗೆ ಬಂದ ತಕ್ಷಣ ಒಬ್ಬರು ಕೇಳಿದ್ರು, "ನಂಗೆ ಸಂಜೆ ಹಾಲು ಎಲ್ಲಿಂದ ಬಂತಪ್ಪಾ, ಹಸು ಗಬ್ಬ, ಒಂದೇ ಹೊತ್ತು ಕರೀತಿರೋದು." ಪಾಪ ಅವರು ಹೇಳಿದ್ರು ಅಂತ ಗೊತ್ತಾಯ್ತು, ಜಾಸ್ತಿ ಬಂದಿದೆ ಅಂತ ಸುಮ್ನಿದ್ದಿದ್ರೆ ಇನ್ನೆಷ್ಟು ದಿನ ಹಾಗೇ ನಡೀತಿತ್ತೋ.

ಆಮೇಲೆ ಕೂತು, ಪೇಸ್ಟ್ ಮಾಡುವಾಗ ಅಂಕಿ ಹೀಗೆ ಬೇರೆಯವರ ಸಾಲಿಗೆ ಜಾರೋದನ್ನ ಹಿಡಿಯೋಕೆ ಜನ ಹೇಳೋ ಚೆಕ್‌ಗಳನ್ನ ಒಂದೊಂದಾಗಿ ಹಾಕಿ ನೋಡಿದೆ. ಅರ್ಥ ಆಗ್ಲಿ ಅಂತ ಆರೇ ಜನರ ಟೇಬಲ್ ಮಾಡ್ಕೊಂಡೆ, ಅಸಲಿ ಲೆಕ್ಕ ಹೀಗಿತ್ತು ಅನ್ಕೊಳ್ಳಿ:

```
ನಂ    ಬೆಳಿಗ್ಗೆ   ಸಂಜೆ   ಒಟ್ಟು
101   6.0     4.5    10.5
102   5.5            5.5
103   8.0     6.5    14.5
104   4.0     3.5    7.5
105   7.0            7.0
106   3.5     3.0    6.5
      34.0    17.5   51.5
```

102 ಮತ್ತೆ 105 ಸಂಜೆ ಹಾಲು ಹಾಕಿಲ್ಲ, ಟೇಬಲ್‌ನಲ್ಲಿ ಆ ಮನೆ ಖಾಲಿ. ಎಲ್ಲಾ ಎಡವಟ್ಟು ಶುರು ಆಗೋದು ಈ ಖಾಲಿ ಮನೆಯಿಂದಾನೇ. ಪಿಡಿಎಫ್ ಒಳಗೆ ನಿಜವಾದ ಕಾಲಂ ಅನ್ನೋದು ಬಹಳಷ್ಟು ಸಲ ಇರೋದೇ ಇಲ್ಲ, ಈ ಅಕ್ಷರ ಪೇಜಿನ ಈ ಜಾಗದಲ್ಲಿ ಬರಲಿ ಅಂತ ಅಷ್ಟೇ ಇರುತ್ತೆ, ಖಾಲಿ ಮನೇಲಿ ಅಕ್ಷರಾನೇ ಇಲ್ವಲ್ಲ, ಹಾಗಾಗಿ ಕಾಪಿ ಮಾಡುವಾಗ ಅದು ಬರೋದೇ ಇಲ್ಲ, ಪಕ್ಕದ ಅಂಕಿ ಬಂದು ಆ ಜಾಗದಲ್ಲಿ ಕೂರುತ್ತೆ.

ಪಕ್ಕದ್ದು ಅಂದ್ರೆ ಯಾವ ಪಕ್ಕ ಅನ್ನೋದೇ ಇಲ್ಲಿ ಮುಖ್ಯ. ಸಾಲು ಸಾಲಾಗಿ ಕಾಪಿ ಆಗೋ ಪಿಡಿಎಫ್ ಆದ್ರೆ ಅಂಕಿ ಎಡಕ್ಕೆ ಜಾರುತ್ತೆ, 102ರ ಒಟ್ಟು 5.5 ಬಂದು ಸಂಜೆ ಕಾಲಂನಲ್ಲಿ ಕೂರುತ್ತೆ. ಕಾಲಂ ಕಾಲಂ ಆಗಿ ಕಾಪಿ ಆಗೋದಾದ್ರೆ ಮೇಲಕ್ಕೆ ಜಾರುತ್ತೆ, ಸಂಜೆ ಕಾಲಂ 4.5, 6.5, 3.5, 3.0 ಅಂತ ಒತ್ತೊತ್ತಾಗಿ ಬಂದು 103ರ ಹಾಲು 102ರ ಹೆಸರಿಗೆ ಹೋಗುತ್ತೆ. ನನಗಾಗಿದ್ದು ಈ ಎರಡನೇದು.

ಮೊದಲು ಎಣಿಸೋ ಚೆಕ್. COUNT ಹಾಕಿ ಎಷ್ಟು ಅಂಕಿ ಬಂದಿದೆ ನೋಡು ಅಂತಾರೆ. ಮೇಲಕ್ಕೆ ಜಾರಿದ ಟೇಬಲ್‌ನಲ್ಲಿ ಸಂಜೆ ಕಾಲಂಗೆ ಹಾಕಿದ್ರೆ 4 ಬಂತು, ಅಸಲಿ ಟೇಬಲ್‌ನಲ್ಲೂ 4 ಇದೆ! ಎಡಕ್ಕೆ ಜಾರಿದ್ರಲ್ಲಿ ಸಾಲಿಗೆ COUNT ಹಾಕಿದ್ರೆ ಅಲ್ಲೂ ಅದೇ ಕತೆ, 102ರ ಸಾಲಲ್ಲಿ ನಂಬರೂ ಸೇರಿ ಮೊದಲೂ ಮೂರು ಅಂಕಿ, ಈಗಲೂ ಮೂರು. ಎಡಕ್ಕೆ ಜಾರಿದ್ದಕ್ಕೆ ಕಾಲಂ ಲೆಕ್ಕದಲ್ಲಿ ಹಾಕಿದ್ರೆ ಮಾತ್ರ ಸಂಜೆ 6, ಒಟ್ಟು 4 ಅಂತ ತೋರಿಸ್ತು. ಅರ್ಧಂಬರ್ಧ ಚೆಕ್, ನಾನು ಬಿಟ್ಟುಬಿಟ್ಟೆ.

ಎರಡನೇದು ಕಾಲಂ ಮೊತ್ತ, ನಾನು ಮೊದಲಿಂದ ನಂಬ್ಕೊಂಡಿದ್ದು ಇದನ್ನೇ. ಎಡಕ್ಕೆ ಜಾರಿದ್ದನ್ನ ಇದು ಚೆನ್ನಾಗಿ ಹಿಡಿಯುತ್ತೆ, ಸಂಜೆ 17.5 ಇರಬೇಕಾದ್ದು 30.0 ಆಗುತ್ತೆ, ಒಟ್ಟು 51.5 ಇರಬೇಕಾದ್ದು 39.0ಕ್ಕೆ ಇಳಿಯುತ್ತೆ. (ಮೂರೂ ಕಾಲಂ ಸೇರಿಸಿ ಒಂದೇ ಮೊತ್ತ ನೋಡಿದ್ರೆ ಅಸಲಿಯಲ್ಲೂ ಜಾರಿದ್ದರಲ್ಲೂ 103.0 ಬರುತ್ತೆ, ಹಂಗೆ ಮಾತ್ರ ನೋಡ್ಬೇಡಿ.) ಆದ್ರೆ ಮೇಲಕ್ಕೆ ಜಾರಿದ್ರೆ? 4.5, 6.5, 3.5, 3.0 ಯಾವ ಸಾಲಲ್ಲಿ ಕೂತ್ರೂ ಕೂಡಿದ್ರೆ 17.5 ತಾನೇ. ಡೇರಿ ಕೊಟ್ಟ ಮೊತ್ತಕ್ಕೆ ನನ್ನ ಮೊತ್ತ ಪಾಯಿಂಟ್ ಸಮೇತ ತಾಳೆ ಆಯ್ತು, ಅದಕ್ಕೇ ನಾನು ಕಣ್ಣು ಮುಚ್ಕೊಂಡು ಸ್ಲಿಪ್ ತೆಗೆದಿದ್ದು.

ಮೂರನೇದು ಅಡ್ಡ ಚೆಕ್, ಅಂದ್ರೆ ಪ್ರತಿ ಸಾಲಲ್ಲೂ ಬೆಳಿಗ್ಗೆ ಸಂಜೆ ಕೂಡಿದ್ರೆ ಒಟ್ಟು ಬರುತ್ತಾ ಅಂತ. ಪಕ್ಕದ ಕಾಲಂನಲ್ಲಿ ಇದನ್ನ ಹಾಕಿ ಕೆಳಗಿನ ತನಕ ಎಳೆಯೋದು:

```
=ROUND(B2+C2-D2,2)
```

ROUND ಇಲ್ಲದೆ ಹಾಕಿದ್ರೆ ದಶಮಾಂಶದ ಕಿರಿಕಿರಿಯಿಂದ ಸರಿ ಇರೋ ಸಾಲಲ್ಲೂ 0 ಬದಲು ಎಷ್ಟೋ ಸೊನ್ನೆ ಆದ್ಮೇಲೊಂದು ಅಂಕಿ ಬರಬಹುದು. ಮೇಲಕ್ಕೆ ಜಾರಿದ ಟೇಬಲ್‌ಗೆ ಹಾಕಿದಾಗ 101ಕ್ಕೆ 0, 102ಕ್ಕೆ 6.5, 103ಕ್ಕೆ -3, 104ಕ್ಕೆ -0.5, 105ಕ್ಕೆ 0, 106ಕ್ಕೆ -3 ಬಂತು. ಮೊದಲ ಸಲ 0 ಅಲ್ಲದ್ದು ಎಲ್ಲಿ ಬರುತ್ತೋ, ಖಾಲಿ ಮನೆ ನುಂಗಿ ಹೋಗಿರೋದು ಅಲ್ಲೇ ಅಥವಾ ಅದರ ಆಸುಪಾಸಲ್ಲೇ. ನಡುವೆ 105 ಸರಿ ಬಂದಿದೆ ನೋಡಿ, ಅದು ಕಾಕತಾಳೀಯ, ಖಾಲಿ ಇರಬೇಕಾದ ಕಡೆ ಹೇಗೋ ಖಾಲಿನೇ ಬಿದ್ದಿದೆ, ಹಾಗಾಗಿ ಅಲ್ಲೊಂದು ಇಲ್ಲೊಂದು ಸಾಲು ನೋಡಿ ಸರಿ ಇದೆ ಅಂತ ಬಿಡೋಕಾಗಲ್ಲ. ಎಡಕ್ಕೆ ಜಾರಿದ್ದನ್ನೂ ಇದು ಹಿಡೀತು, 102ರಲ್ಲಿ 11 ಅಂತ ತೋರಿಸ್ತು, ಯಾಕಂದ್ರೆ ಒಟ್ಟು ಕಾಲಂ ಖಾಲಿಯಾಗಿತ್ತು. ಒಂದೇ ಚೆಕ್ ಇಟ್ಕೊಳ್ಳಿ ಅಂದ್ರೆ ನಾನು ಇದನ್ನೇ ಇಟ್ಕೊಳ್ಳೋದು.

ಇದನ್ನೂ ಏಮಾರಿಸೋ ಕೇಸ್ ಒಂದಿದೆ. ಒಬ್ಬರು ಹತ್ತು ದಿನಾನೂ ಹಾಲೇ ಹಾಕಿಲ್ಲ, ನಂಬರ್ ಮಾತ್ರ ಪ್ರಿಂಟ್ ಆಗಿ ಮೂರೂ ಮನೆ ಖಾಲಿ ಇದೆ ಅಂದ್ರೆ, ಅವರಿಂದ ಕೆಳಗಿನ ಬೆಳಿಗ್ಗೆ, ಸಂಜೆ, ಒಟ್ಟು ಮೂರೂ ಒಟ್ಟಿಗೆ ಒಂದು ಸಾಲು ಮೇಲೆ ಹೋಗುತ್ತೆ. ಮೂರೂ ಜೊತೇಲೇ ಹೋಗಿರೋದ್ರಿಂದ ಅಡ್ಡ ಚೆಕ್ ಎಲ್ಲಾ ಕಡೆ 0, ಕಾಲಂ ಮೊತ್ತಾನೂ ಸರಿ, ಆದ್ರೆ ಹಾಲು ಒಬ್ಬರದ್ದು, ನಂಬರ್ ಇನ್ನೊಬ್ಬರದ್ದು. ಇದಕ್ಕೆ ಫಾರ್ಮುಲಾ ಕೆಲಸಕ್ಕೆ ಬರಲಿಲ್ಲ, ಕೊನೇ ಸಾಲನ್ನ ಪಿಡಿಎಫ್ ಜೊತೆ ಕಣ್ಣಲ್ಲಿ ನೋಡೋದೇ ನನ್ನ ನಾಲ್ಕನೇ ಚೆಕ್. ಒಂದ್ಸಲ ಜಾರಿದ್ದು ತಾನಾಗೇ ಸರಿ ಹೋಗಲ್ಲ, ಕೊನೆ ತನಕ ಜಾರ್ಕೊಂಡೇ ಹೋಗುತ್ತೆ, ಹಾಗಾಗಿ ಕೊನೇ ನಂಬರ್ ಮುಂದೆ ಖಾಲಿ ಇದ್ದು ಪಿಡಿಎಫ್‌ನಲ್ಲಿ ಅಲ್ಲಿ ಅಂಕಿ ಇದ್ರೆ ಮೇಲೆಲ್ಲೋ ಒಂದು ಸಾಲು ಹೋಗಿದೆ ಅಂತಾನೇ ಅರ್ಥ. ಇಲ್ಲೂ ಒಂದು ಕೊಕ್ಕೆ ಇದೆ, ನಾನು ಪೇಜ್ ಪೇಜ್ ಆಗಿ ಪೇಸ್ಟ್ ಮಾಡ್ತೀನಿ, ಹೊಸ ಪೇಜ್ ಶುರು ಆದ ಕೂಡಲೇ ಎಲ್ಲಾ ಮತ್ತೆ ಸರಿಯಾಗಿ ಕೂರುತ್ತೆ, ಮೊದಲ ಪೇಜಲ್ಲಿ ಜಾರಿದ್ದು ಮೂರನೇ ಪೇಜಿನ ಕೊನೆಯಲ್ಲಿ ಕಾಣಲ್ಲ. ಅದಕ್ಕೆ ಫೈಲಿನ ಕೊನೇ ಸಾಲು ನೋಡಿದ್ರೆ ಸಾಲದು, ಪ್ರತಿ ಪೇಜಿನ ಕೊನೇ ಸಾಲನ್ನೂ ನೋಡ್ತೀನಿ, ಆ ಪೇಜಲ್ಲಿ ಕೊನೆಯವರೇ ಹಾಲು ಹಾಕಿಲ್ಲ ಅಂದ್ರೆ ಅವರ ಮೇಲಿನವರದ್ದು.

ಈಗ ಸೆಕ್ರೆಟರಿಗೆ ಹೇಳಿ ಖಾಲಿ ಮನೇಲಿ ಒಂದು ಗೆರೆ ಹಾಕಿಸಿದ್ದೀನಿ, 0 ಹಾಕಿ ಅಂದಿದ್ದೆ, ಅವರ ಸಾಫ್ಟ್‌ವೇರ್‌ನಲ್ಲಿ ಗೆರೆ ಮಾತ್ರ ಬರುತ್ತಂತೆ. ಗೆರೆ ಇದ್ರೆ ಮನೆ ಮಾಯ ಆಗಲ್ಲ, ಆದ್ರೆ ಅಡ್ಡ ಚೆಕ್‌ನಲ್ಲಿ ಆ ಸಾಲಿಗೆಲ್ಲ #VALUE! ಬಂತು, ಅದಕ್ಕೆ ಫಾರ್ಮುಲಾ ಹೀಗೆ ಬದಲಾಯಿಸ್ಕೊಂಡೆ, ಗೆರೆಯನ್ನ ಇದು 0 ಅಂತ ತಗೊಳ್ಳುತ್ತೆ:

```
=ROUND(N(B2)+N(C2)-N(D2),2)
```

ಅಂಕಿ ಪಕ್ಕ ಕಾಣದ ಸ್ಪೇಸ್ ಅಂಟ್ಕೊಂಡು ಟೆಕ್ಸ್ಟ್ ಆಗಿ ಬಂದಿರೋ 6.5 ಅನ್ನೂ ಇದು 0 ಅಂತಾನೇ ತಗೊಳ್ಳುತ್ತೆ, ಆಗ ಆ ಸಾಲಲ್ಲಿ 0 ಬರದೆ ಬೇರೆ ಅಂಕಿ ಬರೋದ್ರಿಂದ ಅದೂ ಸಿಕ್ಕಿಬೀಳುತ್ತೆ. ಹೋದ ಬಟವಾಡೆಯಲ್ಲಿ ಅಂಥದ್ದು ಎರಡು ಸಿಕ್ತು.