ವೀಸಾ ಗ್ಯಾರಂಟಿ ಅಂದವನ ಚಾಟನ್ನು ತಡವಾಗಿ ಓದಿದೆ

ಕೆನಡಾಗೆ ವರ್ಕ್ ಪರ್ಮಿಟ್ ಮಾಡಿಸಿಕೊಡ್ತೀನಿ ಅಂದ ಕನ್ಸಲ್ಟೆಂಟ್ ಒಬ್ಬನಿಗೆ ಮೂರು ತಿಂಗಳ ಸಂಬಳ ಕೊಟ್ಟು ಕೂತಿದ್ದೇನೆ. ಈಗ ಆತ ಫೋನ್ ಎತ್ತುವುದಿಲ್ಲ. ಹಣ ಹೋದ ಮೇಲೆ ಒಂದು ರಾತ್ರಿ ಇಡೀ ಚಾಟನ್ನು ಮೊದಲಿನಿಂದ ಓದಿದೆ. ಆತ ಏನನ್ನೂ ಮುಚ್ಚಿಟ್ಟಿರಲಿಲ್ಲ, ನೋಡಬೇಕಾದ್ದನ್ನು ನಾನು ನೋಡಿರಲಿಲ್ಲ ಅಷ್ಟೆ.

ಎರಡನೇ ದಿನವೇ ಬಂದ ಮೆಸೇಜು: "ಸರ್, ಟೆನ್ಶನ್ ಬೇಡ, ನೂರಕ್ಕೆ ನೂರು ಅಪ್ರೂವಲ್. ನಮ್ಮ ಫೈಲ್ ರಿಜೆಕ್ಟ್ ಆಗಿದ್ದೇ ಇಲ್ಲ." ವೀಸಾ ಕೊಡುವುದು ಬಿಡುವುದು ಅಲ್ಲಿನ ಅಧಿಕಾರಿಯ ತೀರ್ಮಾನ. ಎಷ್ಟೇ ನಿಪುಣ ಕನ್ಸಲ್ಟೆಂಟ್ ಆದರೂ ಅರ್ಜಿಯನ್ನು ಚೆನ್ನಾಗಿ ತಯಾರು ಮಾಡಬಹುದು, ಫಲಿತಾಂಶಕ್ಕೆ ಮಾತು ಕೊಡಲಾರ. ಸಾಕ್ಷಿಗೆಂದು ಆತ ಬೇರೆಯವರ ವೀಸಾ ಪುಟಗಳ ಏಳೆಂಟು ಫೋಟೋ ಕಳಿಸಿದ್ದ. ಹೆಸರು, ಪಾಸ್‌ಪೋರ್ಟ್ ನಂಬರ್ ಎಲ್ಲವೂ ಕಾಣುತ್ತಿದ್ದವು. ಆಗ ನನಗೆ ಅದು ಧೈರ್ಯ ಕೊಟ್ಟಿತು. ಇವರ ದಾಖಲೆ ನನ್ನ ಕೈಗೆ ಬಂದಿದೆ ಅಂದರೆ ನನ್ನದೂ ಯಾರದೋ ಕೈಗೆ ಹೋಗುತ್ತದೆ ಅನ್ನುವುದು ಹೊಳೆಯಲೇ ಇಲ್ಲ.

ಲೈಸೆನ್ಸ್ ಇದೆಯಾ ಅಂತ ನಾನೂ ಕೇಳಿದ್ದೆ, ಅಷ್ಟು ಪೆದ್ದನಲ್ಲ. ಆರ್‌ಸಿಐಸಿ, ಅಂದರೆ ಕೆನಡಾದ ಲೈಸೆನ್ಸ್ ಪಡೆದ ವಲಸೆ ಕನ್ಸಲ್ಟೆಂಟರ ನಂಬರ್ ಕಳಿಸಿದ. ಆ ಲೈಸೆನ್ಸ್ ಕೊಡುವ ಸಂಸ್ಥೆಯ college-ic.ca ಸೈಟಿನ ಸಾರ್ವಜನಿಕ ಪಟ್ಟಿಯಲ್ಲಿ ಹುಡುಕಿದೆ, ಸಿಕ್ಕಿತು, ಲೈಸೆನ್ಸ್ ಚಾಲ್ತಿಯಲ್ಲೂ ಇತ್ತು. ಅಲ್ಲಿಗೇ ನಿಲ್ಲಿಸಿದ್ದು ನನ್ನ ದೊಡ್ಡ ತಪ್ಪು. ನಂಬರ್ ಅಸಲಿ, ಆದರೆ ಅದು ಬೇರೊಬ್ಬರದು. ಆಮೇಲೆ ಆ ಪಟ್ಟಿಯಲ್ಲಿದ್ದ ಸಂಪರ್ಕ ವಿವರಕ್ಕೇ ಬರೆದಾಗ, "ನೀವು ನನ್ನ ಕ್ಲೈಂಟೇ ಅಲ್ಲ" ಅಂತ ಉತ್ತರ ಬಂತು. ನಂಬರ್ ಕೊಟ್ಟವನನ್ನು ಅವನ ಚಾಟ್‌ನಲ್ಲೇ ವಿಚಾರಿಸಿ ಪ್ರಯೋಜನವಿಲ್ಲ, ಪಟ್ಟಿಯಲ್ಲಿರುವ ವಿಳಾಸಕ್ಕೇ ಬರೆದು ಕೇಳಬೇಕು.

ಇನ್ನೊಂದು ಸುಳಿವು ಇದಕ್ಕಿಂತ ಸುಲಭದ್ದು. ಹಣ ಪಡೆದು ನಮ್ಮ ಪರವಾಗಿ ಅರ್ಜಿ ನಡೆಸುವವರು IMM 5476 ಅನ್ನುವ ಫಾರಂನಲ್ಲಿ ತಮ್ಮ ಹೆಸರು ಹಾಕಿ ಸಹಿ ಮಾಡಬೇಕು. ಅದರ ಬಗ್ಗೆ ಕೇಳಿದಾಗ ಆತ, "ಅದೆಲ್ಲ ಬೇಡ ಸರ್, ನೀವೇ ಹಾಕಿದ ಥರ ಹಾಕ್ತೀವಿ, ಬೇಗ ಆಗುತ್ತೆ" ಅಂದ. ಜತೆಗೆ, ಇಲ್ಲದ ಎರಡು ವರ್ಷದ ಅನುಭವಕ್ಕೆ ಪತ್ರವನ್ನೂ ತಾನೇ ಮಾಡಿಸುತ್ತೇನೆ ಅಂದ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಐದು ವರ್ಷ ಕೆನಡಾ ಬಾಗಿಲು ಮುಚ್ಚಬಹುದು, ಅದೂ ಅರ್ಜಿದಾರನಿಗೆ. ಕಾಗದದಲ್ಲಿ ಹೆಸರೇ ಇಲ್ಲದ ಆತನಿಗೆ ಏನೂ ಆಗುವುದಿಲ್ಲ.

ಕೊನೆಗೆ ಹಣದ ಮಾತು ಬಂತು. "ಎಲ್‌ಎಂಐಎ ಫೀಸು 1000 ಡಾಲರ್, ಇವತ್ತೇ ಕಟ್ಟಬೇಕು, ನಾಳೆ ಕೋಟಾ ಕ್ಲೋಸ್." ಎಲ್‌ಎಂಐಎ ಅಂದರೆ ಹೊರಗಿನ ಕೆಲಸಗಾರನನ್ನು ಕರೆಸಿಕೊಳ್ಳಲು ಅಲ್ಲಿನ ಕಂಪನಿ ಪಡೆಯುವ ಅನುಮತಿ. ಮೊತ್ತವನ್ನು ಆತ ಸರಿಯಾಗಿಯೇ ಹೇಳಿದ್ದ, ಪ್ರತಿ ಹುದ್ದೆಗೆ 1000 ಡಾಲರ್. ಆದರೆ ಅದನ್ನು ಕಟ್ಟಬೇಕಾದ್ದು ಕಂಪನಿ, ಕೆಲಸಗಾರನಿಂದ ವಸೂಲಿ ಮಾಡುವ ಹಾಗೇ ಇಲ್ಲ. ಅರ್ಜಿದಾರ ಕಟ್ಟುವ ವರ್ಕ್ ಪರ್ಮಿಟ್ ಮತ್ತು ಬಯೋಮೆಟ್ರಿಕ್ಸ್ ಶುಲ್ಕ ಬೇರೆ. ಅದನ್ನು ಸರ್ಕಾರಿ ಸೈಟಿನಲ್ಲೇ ಕಾರ್ಡಿನಿಂದ ಕಟ್ಟಬಹುದು, ರಸೀದಿಯೂ ಅಲ್ಲೇ ಬರುತ್ತದೆ.

ಆತ ಕೊಟ್ಟ ಅಕೌಂಟಿಗೆ ಹಣ ಹಾಕುವಾಗ ಪರದೆಯ ಮೇಲೆ ಒಬ್ಬ ಹೆಂಗಸಿನ ಹೆಸರು ಬಂತು. ಕಂಪನಿಯ ಹೆಸರೂ ಅಲ್ಲ, ಆತನದ್ದೂ ಅಲ್ಲ. ಬೆರಳು ತಡೆಯಿತು. ಕೇಳಿದೆ. "ನಮ್ಮ ಅಕೌಂಟೆಂಟ್ ಸರ್, ಕಂಪನಿ ಅಕೌಂಟಿಗೆ ಹಾಕಿದ್ರೆ ನಿಮಗೇ ಟ್ಯಾಕ್ಸ್ ಜಾಸ್ತಿ ಬೀಳುತ್ತೆ." ಒತ್ತಿಬಿಟ್ಟೆ. ವಾರದ ನಂತರ ಸರ್ವಿಸ್ ಚಾರ್ಜ್ ಅಂತ ಎರಡನೇ ಕಂತು ಕೇಳಿದ, ಅದು ಇನ್ನೊಂದು ಹೆಸರಿನ ಅಕೌಂಟು. ಅದನ್ನೂ ಹಾಕಿದೆ. ಮೂರನೆಯದಕ್ಕೆ ಮೂರನೇ ಹೆಸರು ಬಂದಾಗಲೇ ನಿಂತೆ. ರಸೀದಿ ಕೇಳಿದ್ದಕ್ಕೆ ಲೋಗೋ ಅಂಟಿಸಿದ ಒಂದು ಫೋಟೋ ಬಂತು. ಅದರಲ್ಲಿ ಅಪ್ಲಿಕೇಶನ್ ನಂಬರೇ ಇರಲಿಲ್ಲ.

ಅದೇ ರಾತ್ರಿ ಆತ ಚಾಟಿನಲ್ಲಿ ತನ್ನ ಮೆಸೇಜುಗಳನ್ನು ಒಂದೊಂದಾಗಿ ಅಳಿಸತೊಡಗಿದ. "ಗ್ಯಾರಂಟಿ" ಇದ್ದವು ಮೊದಲು ಹೋದವು. ಪುಣ್ಯಕ್ಕೆ, ಮೂರನೇ ಹೆಸರು ಕಂಡ ಕೂಡಲೇ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಂಡಿದ್ದೆ. ಬ್ಯಾಂಕಿಗೂ ಸೈಬರ್ ಪೊಲೀಸರಿಗೂ ಕೊಟ್ಟಿದ್ದು ಆ ಫೈಲನ್ನೇ. ಹಣ ಮಾತ್ರ ಇನ್ನೂ ಬಂದಿಲ್ಲ.